ಮುನಿತಾಯಮ್ಮನ ಮೂಗು, ತಿಮಿಂಗಿಲದ ಅಂಬರ್

ಸುಂಕದಕಟ್ಟೆಯ ಊದುಬತ್ತಿ ಕಾರ್ಖಾನೆಗಳ ಓಣಿಯಲ್ಲಿ ಮುನಿತಾಯಮ್ಮನ ಮೂಗನ್ನು ಹೊಗಳದವರಿಲ್ಲ, ಆಕೆಯ ಬಾಯಿಗೆ ಹೆದರದವರೂ ಇಲ್ಲ. ಅರವತ್ತು ದಾಟಿದ ಹೆಂಗಸು. ಸೊಂಟದಲ್ಲಿ ಸೆಂಟ್ ರೂಮಿನ ಬೀಗದ ಕೈ. ವಾಸನೆಯಿಲ್ಲದ ಕರಿಬತ್ತಿಯನ್ನು ಅದ್ದುವ ಪರಿಮಳದ ಎಣ್ಣೆ ತಯಾರಾಗುವುದು ಆ ರೂಮಿನಲ್ಲೇ. ಆಕೆ ಹೂಂ ಎನ್ನದೆ ಒಂದು ಕಟ್ಟು ಬತ್ತಿಯೂ ಅಲ್ಲಿ ಎಣ್ಣೆ ಕಂಡದ್ದಿಲ್ಲ.

ಹದಿನಾಲ್ಕನೇ ವಯಸ್ಸಿಗೆ ಬತ್ತಿ ಹೊಸೆಯಲು ಬಂದವಳು. ಸೆಂಟ್ ರೂಮಿನಲ್ಲಿ ಆಗ ವೆಂಕಟಗಿರಿ ಎಂಬ ಮುದುಕರಿದ್ದರು. ಒಂದು ದಿನ ಅವರು ಬಾಗಿಲು ತೆರೆದಾಗ ಹುಡುಗಿ ಹೊಸೆಯುವ ಮಣೆಯಿಂದಲೇ ತಲೆಯೆತ್ತಿ, "ತಾತ, ಇವತ್ತಿಂದು ನಿನ್ನೆದಲ್ಲ, ಏನೋ ಕಮ್ಮಿಯಾಗೈತೆ" ಎಂದಳು. ಕಮ್ಮಿಯಾಗಿದ್ದದ್ದು ಪುನುಗು. ಮಾರನೆಯ ದಿನ ಮುದುಕರು ಅವಳನ್ನು ಒಳಗೆ ಕೂರಿಸಿಕೊಂಡರು. ಹೆಣ್ಣುಮಗಳು ಆ ಕೋಣೆಗೆ ಕಾಲಿಟ್ಟಿದ್ದು ಅದೇ ಮೊದಲು. ಗಂಡಸರು ಆರು ತಿಂಗಳು ಅವಳೊಡನೆ ಮಾತೇ ಆಡಲಿಲ್ಲ.

ವೆಂಕಟಗಿರಿ ಅವಳನ್ನು ಒಮ್ಮೆ ಕೆಂಗೇರಿ ಆಚೆಯ ಒಂದು ಮನೆಗೆ ಕರೆದೊಯ್ದರು. ಹಿತ್ತಲಿನ ಮರದ ಪಂಜರದಲ್ಲಿ ಪುನುಗಿನ ಬೆಕ್ಕು. ತಿರುಗಿ ನಿಲ್ಲಲೂ ಜಾಗವಿಲ್ಲ. ಮನೆಯವನು ಅದರ ಬಾಲ ಹಿಡಿದೆಳೆದು, ಬಾಲದ ಕೆಳಗಿನ ಚೀಲದಿಂದ ಬಿದಿರಿನ ಸೀಳಲ್ಲಿ ಬೆಣ್ಣೆಯಂಥದ್ದನ್ನು ಕೆರೆದ. ಬೆಕ್ಕು ಕಿರುಚಿದ್ದು ಕೇಳಿ ಅವಳು ಕಿವಿ ಮುಚ್ಚಿಕೊಂಡಳು. ಹಸಿಯಾಗಿ ಮೂಸಿದರೆ ಹೊಟ್ಟೆ ತೊಳಸುವ ನಾತ. ಅದನ್ನೇ ಸಾಸಿವೆಯಷ್ಟು ತೆಗೆದು ಸೇರು ಎಣ್ಣೆಗೆ ಹಾಕಿದರೆ ಮಲ್ಲಿಗೆ, ಶ್ರೀಗಂಧ ಎಲ್ಲಕ್ಕೂ ಜೀವ ಬರುತ್ತಿತ್ತು. ಕಸ್ತೂರಿ ಹಿಮಾಲಯದ ಗಂಡುಜಿಂಕೆಯ ಹೊಕ್ಕುಳ ಬಳಿಯ ಚೀಲದಿಂದ ಬರುತ್ತಿತ್ತು. ಒಂದು ಚೀಲಕ್ಕೆ ಒಂದು ಜಿಂಕೆ. ಅಂಬರ್ ಮಾತ್ರ ಸಮುದ್ರ ಕೊಟ್ಟಾಗ ಸಿಕ್ಕುವಂಥದ್ದು. ದೊಡ್ಡತಲೆ ತಿಮಿಂಗಿಲದ ಕರುಳಲ್ಲಿ ಹುಟ್ಟಿ, ನೀರಿನಲ್ಲಿ ವರ್ಷಗಟ್ಟಲೆ ತೇಲಿ, ಬಿಸಿಲಿಗೆ ಬೆಂದು ದಡ ಸೇರುವ ಗಟ್ಟಿ. ವೆಂಕಟಗಿರಿಯವರ ಬಳಿ ಬೆರಳ ತುದಿಯಷ್ಟಿತ್ತು. ವರ್ಷಕ್ಕೊಮ್ಮೆ ಮೂಸಿಸುತ್ತಿದ್ದರು.

ಆಮೇಲೆ ಕಾನೂನು ಬಿಗಿಯಾಯಿತು. ಬೆಕ್ಕು, ಜಿಂಕೆ, ತಿಮಿಂಗಿಲ, ಮೂರರದ್ದನ್ನೂ ಮುಟ್ಟಿದರೆ ಜೈಲು. ಅಷ್ಟರಲ್ಲಿ ನಕಲು ಪರಿಮಳದ ಸೀಸೆಗಳು ಬಂದಿದ್ದವು. ಕಸ್ತೂರಿಯ ನಕಲು ಬಹಳ ಹಳೆಯದಂತೆ. ನೂರಾಮೂವತ್ತು ವರ್ಷದ ಹಿಂದೆ ಯಾರೋ ಸಿಡಿಮದ್ದು ಮಾಡಲು ಹೋಗಿ ಕಸ್ತೂರಿ ವಾಸನೆ ಕಂಡುಕೊಂಡರಂತೆ. ಆ ಜಾತಿಯ ಒಂದು ಪುಡಿ ನರಕ್ಕೆ ಕೆಟ್ಟದ್ದೆಂದು ನಿಂತು, ಗ್ಯಾಲಕ್ಸೊಲೈಡ್ ಎಂಬ ಗಟ್ಟಿ ಪಾಕ ಬಂತು. ಅಂಬರಿಗೆ ಬದಲು ಆಂಬ್ರಾಕ್ಸನ್. ಸೇಜ್ ಜಾತಿಯ ಗಿಡದ ಸತ್ವದಿಂದ ಮಾಡುವ ಬಿಳಿ ಹರಳು. ಪುನುಗಿಗೆ ಬದಲು ಸಿವೆಟೋನ್, ಜತೆಗೆ ಮಲದ ನಾತದ ಸ್ಕ್ಯಾಟೋಲ್. ಮುನಿತಾಯಮ್ಮ ಇವನ್ನೆಲ್ಲ ಓದಿ ಕಲಿಯಲಿಲ್ಲ. ಕಾಗದದ ಪಟ್ಟಿ ಅದ್ದಿ, ಬೆಳಿಗ್ಗೆ ಮೂಸಿ, ಸಂಜೆ ಮೂಸಿ, ಮೂರನೇ ದಿನ ಮತ್ತೆ ಮೂಸಿ ಕಲಿತಳು. ಮುದುಕರು ತೀರಿಕೊಂಡ ಮೇಲೂ ಜಾಡಿಗಳ ಮೇಲಿನ ಅವರ ಬರಹವನ್ನು ಅಳಿಸಲಿಲ್ಲ. ಗುರುವಿನ ಕೈಬರಹ ಅಳಿಸಿದರೆ ಕೈಗುಣ ಹೋಗುತ್ತದೆಂಬ ನಂಬಿಕೆ ಆ ಓಣಿಯ ಎಲ್ಲ ಸೆಂಟ್ ರೂಮುಗಳಲ್ಲೂ ಇದೆ. ಹೀಗಾಗಿ ಒಳಗಿನ ಮಾಲು ಬದಲಾದರೂ ಜಾಡಿಗಳು ಪುನುಗು, ಕಸ್ತೂರಿ, ಅಂಬರ್ ಆಗಿಯೇ ಉಳಿದವು.

ಹಳೆಯ ಧಣಿ ಇರುವತನಕ "ಬನ್ನಿ ಮುನಿತಾಯಮ್ಮ" ಎಂಬ ಮರ್ಯಾದೆಯಿತ್ತು. ಮಗ ರಾಜೇಂದ್ರ ಕುರ್ಚಿಗೆ ಬಂದ ದಿನವೇ ಅದು "ಬಾ" ಆಯಿತು. ಕಾರ್ಖಾನೆ ತನ್ನದು, ಪರಿಮಳ ಮಾತ್ರ ಈ ಹೆಂಗಸಿನ ತಲೆಯೊಳಗಿನದು ಎನ್ನುವುದು ಅವನಿಗೆ ಚಪ್ಪಲಿಯೊಳಗಿನ ಕಲ್ಲು.

"ಪೌಡರ್ ಕಲಸೋಕೆ ಇಷ್ಟು ಜಂಬನಾ? ಎಲ್ಲಾ ನಕಲಿ ಮಾಲು," ಎನ್ನುತ್ತಿದ್ದ, ಕೆಲಸದವರ ಎದುರಿಗೇ.

"ನಕಲಿನೇ ಸಾರ್. ಯಾವ ಪ್ರಾಣಿನೂ ಅಳದಂಗೆ ಮಾಡಿರೋ ನಕಲಿ," ಎನ್ನುತ್ತಿದ್ದಳು ಈಕೆ.

ಹೋದ ವರ್ಷ ಒಂದು ಮಧ್ಯಾಹ್ನ ಅವನು ಮುನಿತಾಯಮ್ಮನನ್ನು ಆಫೀಸಿಗೆ ಕರೆಸಿದ. ಎದುರಿಗೆ ಕಲ್ಮೇಶ್ ಎಂಬ ದಲ್ಲಾಳಿ ಕೂತಿದ್ದ. ಮೇಜಿನ ಮೇಲೆ ಬಟ್ಟೆಯಲ್ಲಿ ಸುತ್ತಿದ, ತೆಂಗಿನಕಾಯಿಯಷ್ಟು ದೊಡ್ಡ ಬೂದು ಬಣ್ಣದ ಗಟ್ಟಿ.

"ಕಾರವಾರದ ಕಡೆಯಿಂದ ಬಂದೈತ್ರೀ ಯವ್ವಾ," ಎಂದ ಕಲ್ಮೇಶ್. "ತಗೊಳ್ಳೋರು ನಾಡಿದ್ದು ಬರ್ತಾರ. ಕಾಗದ ಗೀಗದ ಏನೂ ಕೇಳೂದಿಲ್ಲ. ಮುನಿತಾಯಮ್ಮ ಮೂಸಿ ಖರೇ ಅಂದ್ರ ಸಾಕು ಅಂದಾರ."

"ನೋಡಿ ಹೇಳು. ನಮಗೂ ಒಂದು ತುಂಡು ಉಳಿಯತ್ತೆ. ಅಸಲಿ ಅಂಬರ್ ಬತ್ತಿ ಮಾಡೋಣ, ನಿನ್ನ ಪೌಡರ್ ಅಲ್ಲ," ಎಂದ ರಾಜೇಂದ್ರ.

ಮುನಿತಾಯಮ್ಮ ಸೆರಗಿನ ಪಿನ್ನು ಬಿಚ್ಚಿ, ಬೆಂಕಿಕಡ್ಡಿಯಲ್ಲಿ ಕಾಯಿಸಿ ಗಟ್ಟಿಗೆ ಚುಚ್ಚಿದಳು. ಮೇಣವಾಗಿದ್ದರೆ ತಿಳಿಯಾಗಿ ಕರಗಿ, ಆರಿಸಿದ ಮೇಣದ ಬತ್ತಿಯ ನಾತ ಬರಬೇಕಿತ್ತು. ಇಲ್ಲಿ ಚುಚ್ಚಿದ ಕಡೆ ಕಪ್ಪಗೆ, ಡಾಂಬರಿನ ಹಾಗೆ ಕರಗಿತು. ಪಿನ್ನು ಎತ್ತಿದರೆ ಎಳೆ ಎಳೆ. ಮುರಿದ ಅಂಚಿನಲ್ಲಿ ಗಿಣಿಯ ಕೊಕ್ಕಿನಂಥ ಕರಿ ಚೂರು. ತಿಮಿಂಗಿಲ ತಿಂದ ಸಮುದ್ರಜೀವಿಯ ಕೊಕ್ಕು ಅರಗದೆ ಉಳಿದದ್ದು. ಬಿಳಿ ಹೊಗೆ ಮೂಗಿಗೆ ಬಂತು. ಉಪ್ಪು, ಹಳೆಯ ಮರ, ಒಣಗಿದ ಸಗಣಿ, ಅದರ ಹಿಂದೆ ಎಲ್ಲೋ ಒಂದು ಸಿಹಿ. ನಲವತ್ತು ವರ್ಷದ ಮೇಲೆ ಮತ್ತೆ ಅದೇ ವಾಸನೆ. ತನ್ನ ಬಿಳಿ ಹರಳಲ್ಲಿ ಸಿಹಿಯಿತ್ತು, ಮರವಿತ್ತು. ಸಮುದ್ರ ಇರಲಿಲ್ಲ. ಅದು ಅವಳಿಗೆ ಗೊತ್ತಾಯಿತು, ಗೊತ್ತಾದದ್ದು ಚುಚ್ಚಿತು ಕೂಡ.

"ಅಸಲಿ," ಎಂದಳು.

ಇಬ್ಬರ ಮುಖವೂ ಅರಳಿತು.

"ಅಸಲಿ ಆದ್ರಿಂದ್ಲೇ ಮನೇಲಿ ಇಟ್ಕೊಳ್ಳೋ ಹಂಗಿಲ್ಲ. ಅರಣ್ಯ ಇಲಾಖೆಗೆ ಕೊಟ್ಬಿಡಿ. ತಗೊಳ್ಳೋರ ಮುಂದೆ ನಾನು ಬಾಯಿ ಬಿಡಲ್ಲ."

"ಬಿಡ್ತೀಯ," ಎಂದ ರಾಜೇಂದ್ರ. "ನಾಡಿದ್ದು ಬಂದು ನಿಂತ್ಕೊಂಡು ಹೂಂ ಅಂತೀಯ. ಇಲ್ಲಾಂದ್ರೆ ಆ ರೂಮಿನ ಬಾಗಿಲು ಇನ್ನು ನೋಡಲ್ಲ ನೀನು."

"ಸುಮ್ನ ಹೂಂ ಅಂದ್ಬಿಡ್ರಿ ಯವ್ವಾ. ವಯಸ್ಸಾಗೇತಿ, ಯಾಕ ಬೇಕು ನಿಮಗ ಜಗಳ?" ಎಂದು ಕಲ್ಮೇಶ್ ನಕ್ಕ. ಆ ನಗು ಕಣ್ಣಿಗೆ ತಲುಪಲಿಲ್ಲ.

ಮಾರನೆಯ ಬೆಳಿಗ್ಗೆ ಸೆಂಟ್ ರೂಮಿನ ಬಾಗಿಲು ತೆರೆದ ಕೂಡಲೇ ಮುನಿತಾಯಮ್ಮ ಹೊಸ್ತಿಲಲ್ಲೇ ನಿಂತಳು. ಕೋಣೆಯಲ್ಲಿ ಸಮುದ್ರವಿತ್ತು. ಅಂಬರ್ ಜಾಡಿಯ ಮುಚ್ಚಳ ತೆಗೆದಳು. ಆಂಬ್ರಾಕ್ಸನ್ ಕರಗಿಸಿಟ್ಟ ಸ್ಪಿರಿಟ್ಟಿನಲ್ಲಿ ಬೂದು ಚೂರುಗಳು ತಳಕ್ಕೆ ಕೂತಿದ್ದವು.

"ನಿನ್ನೆ ನೀವು ಹೋದ ಮೇಲೆ ಸಾರ್ ಒಳಗೆ ಹೋಗಿದ್ರು ಅಕ್ಕ. ಅವ್ರ ಹತ್ರ ಇನ್ನೊಂದು ಕೀ ಇದೆ," ಎಂದು ಪ್ಯಾಕಿಂಗಿನ ಶುಭಾ ಪಿಸುಗುಟ್ಟಿದಳು.

ಸೀದಾ ಆಫೀಸಿಗೆ ನುಗ್ಗಿದಳು. "ಏನ್ ಹಾಕಿದ್ದೀರಿ ನನ್ನ ಜಾಡಿಗೆ?"

"ಅಸಲಿ ಹಾಕಿದೀನಿ. ಇನ್ನಾದ್ರೂ ನಿನ್ನ ಎಣ್ಣೆಗೆ ಬೆಲೆ ಬರಲಿ."

"ಆರು ತಿಂಗಳು ಸ್ಪಿರಿಟ್ಟಲ್ಲಿ ಮಾಗದೆ ಅದು ಏನನ್ನೂ ಬಿಡಲ್ಲ. ಅಷ್ಟೂ ಗೊತ್ತಿಲ್ಲ ನಿಮಗೆ."

"ಗೊತ್ತಿರೋದು ಒಂದೇ." ರಾಜೇಂದ್ರ ಕುರ್ಚಿಗೆ ಒರಗಿದ. "ಜಾಡಿ ನಿಂದು, ಬೀಗದ ಕೈ ನಿನ್ನ ಸೊಂಟದಲ್ಲಿ. ನಾಳೆ ಯಾರಾದ್ರೂ ಬಂದು ನೋಡಿದ್ರೆ ಒಳಗೆ ಹೋಗೋಳು ನೀನು. ಹೂಂ ಅಂತೀಯೋ, ಇಲ್ವೋ?"

ಜಾಡಿಯನ್ನು ಮೋರಿಗೆ ಸುರಿಯಬಹುದಿತ್ತು. ಹೂಂ ಎಂದು ಒಂದು ದಿನ ಕಣ್ಣು ಮುಚ್ಚಿಕೊಳ್ಳಬಹುದಿತ್ತು. ಮುನಿತಾಯಮ್ಮ ರೂಮಿಗೆ ಬೀಗ ಹಾಕಿ, ಶುಭಾಳನ್ನು ಜತೆಗೆ ಕರೆದುಕೊಂಡು ಮಾಗಡಿ ರೋಡಿನಲ್ಲಿ ಆಟೊ ಹತ್ತಿದಳು. "ಅರಣ್ಯ ಇಲಾಖೆ ಆಫೀಸಿಗೆ ಬಿಡಪ್ಪ" ಎಂದಳು.

ಮಧ್ಯಾಹ್ನ ಎರಡು ಜೀಪು ಬಂದವು. ಅಧಿಕಾರಿ ಸೌಮ್ಯಶ್ರೀ ಆಫೀಸಿನ ಬೀರು ತೆಗೆಸಿದರು. ಬಟ್ಟೆ ಸುತ್ತಿದ ಗಟ್ಟಿ ಅಲ್ಲೇ ಇತ್ತು. ಕಲ್ಮೇಶನ ಫೋನು ಸ್ವಿಚಾಫ್. ರಾಜೇಂದ್ರನ ಮುಖ ಬಿಳಿಚಿತು, ನಾಲಿಗೆ ಮಾತ್ರ ಬಿಳಿಚಲಿಲ್ಲ.

"ಮೇಡಂ, ತರಿಸಿದ್ದೇ ಇವಳು. ಸೆಂಟ್ ರೂಮ್ ನೋಡಿ ಬೇಕಾದ್ರೆ. ಪುನುಗು, ಕಸ್ತೂರಿ, ಅಂಬರ್, ಎಲ್ಲಾ ಸಾಲಾಗಿ ಇಟ್ಕೊಂಡವ್ಳೆ. ಹೆಸರು ಸಮೇತ!"

ಸೌಮ್ಯಶ್ರೀ ಒಳಗೆ ಬಂದು ಜಾಡಿಗಳ ಮೇಲೆ ಟಾರ್ಚ್ ಹಾಯಿಸಿದರು. ಮೂರೂ ಹೆಸರು ದೊಡ್ಡಕ್ಷರದಲ್ಲಿ ನಗುತ್ತಿದ್ದವು. ಅವರ ದನಿ ಬದಲಾಯಿತು. "ದೂರು ಕೊಟ್ಟವರೇ ನೀವು. ಇದೇನಮ್ಮ ಇದು?"

ಮುನಿತಾಯಮ್ಮ ತಿರುಗಿ ನೋಡಿದಳು. ಬಾಗಿಲಲ್ಲಿ ಹೊಸೆಯುವ ಹೆಂಗಸರು, ಪ್ಯಾಕಿಂಗಿನವರು, ಪಕ್ಕದ ಕಾರ್ಖಾನೆಯವರು ತುಂಬಿದ್ದರು. ಜಾಡಿಗಳಲ್ಲಿರುವುದು ನಕಲಿ ಎಂದು ಎಲ್ಲರಿಗೂ ಗೊತ್ತು, ಯಾವ ಯಾವ ಮಾಲು ಎಂದು ಮಾತ್ರ ನಲವತ್ತು ವರ್ಷ ಗಂಡನಿಗೂ ಹೇಳಿರಲಿಲ್ಲ. ಈಗ ಹೇಳದಿದ್ದರೆ ಜೈಲು. ಹೇಳಿದರೆ ಓಣಿಗೆಲ್ಲ ಗೊತ್ತು.

ಒಂದೊಂದೇ ಜಾಡಿ ಎತ್ತಿ ಕೊಟ್ಟಳು. "ಇದು ಪುನುಗಲ್ಲ ತಾಯಿ. ಸಿವೆಟೋನ್, ಸ್ಕ್ಯಾಟೋಲ್. ಇದು ಕಸ್ತೂರಿಯಲ್ಲ, ಗ್ಯಾಲಕ್ಸೊಲೈಡ್. ಇದು ಆಂಬ್ರಾಕ್ಸನ್, ಗಿಡದ್ದು. ತಳದಲ್ಲಿ ಕೂತಿರೋ ಚೂರು ಇವ್ರು ಹಾಕಿದ್ದು. ಹೆಸರು ನಮ್ಮ ಗುರುಗಳು ಬರೆದದ್ದು, ನಾನು ಅಳಿಸಲಿಲ್ಲ. ತಪ್ಪಾಯ್ತು. ಡಬ್ಬಗಳೂ ಬಿಲ್ಲುಗಳೂ ಕೆಳಗಿನ ಹಲಗೇಲಿ ಅವೆ. ಪರೀಕ್ಷೆಗೆ ತಗೊಂಡು ಹೋಗಿ."

ರಾಜೇಂದ್ರ ಒಂದು ಮೂಲೆಯಲ್ಲಿ ನಿಂತು ಪ್ರತಿ ಹೆಸರನ್ನೂ ತುಟಿಯಲ್ಲೇ ಹೇಳಿಕೊಳ್ಳುತ್ತಿದ್ದ.

ಪ್ರಯೋಗಾಲಯದ ವರದಿ ಬರಲು ತಿಂಗಳುಗಳೇ ಹಿಡಿದವು, ಅಲ್ಲಿಯತನಕ ಸೆಂಟ್ ರೂಮಿಗೆ ಇಲಾಖೆಯ ಸೀಲು. ಅಸಲಿ ಸಿಕ್ಕಿದ್ದು ಬೀರುವಿನಲ್ಲಿ, ಮತ್ತೆ ಒಂದು ಜಾಡಿಯ ತಳದಲ್ಲಿ. ಶುಭಾಳ ಹೇಳಿಕೆಯೂ ದಾಖಲಾಗಿತ್ತು, ಮುನಿತಾಯಮ್ಮ ಕೇಸಿನಿಂದ ಪಾರಾದಳು. ಜಾಮೀನಿನ ಮೇಲೆ ಬಂದಿದ್ದ ರಾಜೇಂದ್ರ, ಅವಳು ಮತ್ತೆ ಕೆಲಸಕ್ಕೆಂದು ಕಾರ್ಖಾನೆಯ ಬಾಗಿಲಿಗೆ ಬಂದ ದಿನ ಅಡ್ಡ ನಿಂತ.

"ಬೀಗದ ಕೈ ಇಟ್ಟು ನಡಿ. ಗುಟ್ಟೆಲ್ಲಾ ನೀನೇ ಒದರಿದ್ದೀಯ. ಇನ್ನು ನಿನ್ನ ಮೂಗು ನನಗೆ ಯಾಕೆ?"

ಮುನಿತಾಯಮ್ಮ ಸೊಂಟದಿಂದ ಬೀಗದ ಕೈ ಬಿಚ್ಚಿ ಬಾಗಿಲ ಪಕ್ಕದ ಪ್ಯಾಕಿಂಗ್ ಮೇಜಿನ ಮೇಲೆ ಹಾಕಿದಳು. "ಹೆಸರು ಹೇಳಿದೆ ರಾಜೇಂದ್ರ. ಅಳತೆ ಹೇಳಲಿಲ್ಲ," ಎಂದು ಹೊರಟಳು. ಅವನನ್ನು ಸಾರ್ ಎನ್ನದೆ ಕರೆದದ್ದು ಅದೇ ಮೊದಲು.

ಆ ವಾರವೇ ಅವನು ಪುಡಿಗಳನ್ನು ತರಿಸಿ ತಾನೇ ಕಲಸಿದ. ಸ್ಕ್ಯಾಟೋಲನ್ನು ಸಾವಿರಕ್ಕೊಂದು ಪಾಲು ತೆಳು ಮಾಡಿ, ಅದರಲ್ಲಿ ಹನಿ ಲೆಕ್ಕ ಹಿಡಿಯಬೇಕೆಂದು ಅವನಿಗೆ ಹೇಳುವವರು ಯಾರು? ಚಮಚದಲ್ಲಿ ಹಾಕಿದ. ಸಂಜೆ ಹೊತ್ತಿಗೆ ಓಣಿ ಪೂರ್ತಿ ಕಕ್ಕಸಿನ ಗುಂಡಿ ಒಡೆದ ನಾತ. ಹೊಸೆಯುವ ಹೆಂಗಸರು ಮಣೆ ಬಿಟ್ಟು ಓಡಿದರು. ಎದುರು ಮನೆಯವರು ಒಳಚರಂಡಿಯವರಿಗೆ ಫೋನ್ ಮಾಡಿದರು. ಅವರು ಬಂದು ಮೂರು ಮುಚ್ಚಳ ತೆಗೆದು ನೋಡಿ, ತಲೆ ಕೆರೆದುಕೊಂಡು ಹೋದರು. ಎರಡು ಡ್ರಮ್ ಎಣ್ಣೆ, ಒಂದು ಲಾರಿ ಕರಿಬತ್ತಿ ಹಾಳು.

ಮುನಿತಾಯಮ್ಮ ಈಗ ದೀಪಾಂಜಲಿ ನಗರದ ಒಂದು ಸಣ್ಣ ಕಾರ್ಖಾನೆಯಲ್ಲಿದ್ದಾಳೆ. ಜಾಡಿಗಳ ಮೇಲೆ ಈ ಸಲ, ತನ್ನ ಜತೆಗೇ ಬಂದ ಶುಭಾಳ ಕೈಯಲ್ಲಿ ಇದ್ದದ್ದನ್ನು ಇದ್ದ ಹಾಗೆಯೇ ಬರೆಸಿದ್ದಾಳೆ. ಆಂಬ್ರಾಕ್ಸನ್ನಿಗೆ ಇನ್ನೂ ಏನೇನೋ ಕೂಡಿಸಿ, ಪಟ್ಟಿ ಅದ್ದಿ ಮೂಸುತ್ತಾಳೆ. ಸಿಹಿ ಬರುತ್ತದೆ, ಮರ ಬರುತ್ತದೆ. ಸಮುದ್ರ ಇನ್ನೂ ಬಂದಿಲ್ಲ. ಸಿಟ್ಟು ಬಂದಾಗ ಪಟ್ಟಿ ಹರಿದೆಸೆದು, ಮತ್ತೊಂದು ಅದ್ದುತ್ತಾಳೆ.