ಗದ್ದೆಯೊಳಗಿನ ತೂತಿನ ಕೊಳವೆ

ಇಡೀ ಬಯಲಿಗೆ ಕಾಲುವೆ ನೀರು ಹಂಚುವ ನೀರಗಂಟಿಗೆ ಒಣಗಿದ ಗದ್ದೆಯೆಂದರೆ ತನ್ನ ಹೆಸರಿಗೇ ಬಂದ ಕಳಂಕ. ಅಕ್ಕನ ಭತ್ತದ ಗದ್ದೆಯಲ್ಲಿ ಸಣ್ಣ ಬಿರುಕು ಕಂಡಿದ್ದೇ ತಡ, ತೂಬು ಎತ್ತಲು ಬಗ್ಗಿದ.

“ಮುಟ್ಟಬೇಡ,” ಎಂದಳು ಬದುವಿನ ಮೇಲಿದ್ದ ಅಕ್ಕ. “ಮೊದಲು ಕೊಳವೆ ನೋಡು.”

ಆಕೆ ಗದ್ದೆಯಲ್ಲಿ ಹೂತಿದ್ದ ತೂತು ತೂತಿನ ಕೊಳವೆಯೊಳಗೆ ಆತ ಒಲ್ಲದ ಮನಸ್ಸಿನಿಂದ ಕಡ್ಡಿ ಇಳಿಬಿಟ್ಟ. ಮಣ್ಣಿನಿಂದ ನಾಲ್ಕೇ ಬೆರಳು ಕೆಳಗೆ ನೀರಿತ್ತು.

“ಬೇರಿಗೆ ನೀರು ಸಿಗ್ತಾ ಇದೆ. ಅದು ಚೋಟುದ್ದ ಇಳಿದ ಮೇಲೆ ತೂಬು ಎತ್ತು. ತೆನೆ ಹೂವಾಡೋವಾಗ ಮಾತ್ರ ಗದ್ದೆ ಒಣಗಬಾರದು.”

“ಇಳುವರಿ ಕೈಕೊಟ್ರೆ ಊರೆಲ್ಲ ನನ್ನನ್ನೇ ಆಡ್ಕೊಳ್ಳುತ್ತೆ.”

“ಈಗೇನು ಹೊಗಳ್ತಾ ಇದಾರಾ?”

ಆಕೆ ಹೇಳಿದಂತೆಯೇ ನೀರು ಬಿಟ್ಟರೂ ಇಳುವರಿ ಒಂದಿಷ್ಟೂ ತಗ್ಗಲಿಲ್ಲ. ಮರು ಹಂಗಾಮಿಗೆ ಅಕ್ಕನ ಗದ್ದೆಯಂತೆ ಕಾಲುವೆಯ ಮೇಲ್ಭಾಗದ ಗದ್ದೆಗಳಲ್ಲೆಲ್ಲ ಕೊಳವೆಗಳು ಎದ್ದವು. ಅಲ್ಲಿ ಉಳಿದ ನೀರು ಕಾಲುವೆಯ ಕಟ್ಟಕಡೆಯ ಗದ್ದೆಯವರೆಗೂ ಹರಿಯಿತು. ಆ ಗದ್ದೆಯ ಮುದುಕಿ ನೀರು ಬರಲಿಲ್ಲವೆಂದು ಪ್ರತಿ ವರ್ಷ ಆತನಿಗೆ ಛೀಮಾರಿ ಹಾಕುತ್ತಿದ್ದವಳು. ಈ ಸಲವಾದರೂ ಒಂದು ಒಳ್ಳೆಯ ಮಾತು ಕೇಳೋಣವೆಂದು ಆತ ಅತ್ತ ಹೋದ.

ಮುದುಕಿ ನೀರನ್ನೂ ಅವನನ್ನೂ ನೋಡಿದಳು. “ಇಷ್ಟು ವರ್ಷ ಇದನ್ನೆಲ್ಲ ಎಲ್ಲಿ ಬಚ್ಚಿಟ್ಟಿದ್ದೆಯೋ?”

‘ನಮ್ಮಕ್ಕನ ಗದ್ದೆಯಲ್ಲಿ’ ಎನ್ನಲು ನೀರಗಂಟಿಗೆ ಬಾಯಿ ಬರಲಿಲ್ಲ.