ಎಲೆಕ್ಟ್ರಿಷಿಯನ್ ಸಾಲಿನ ಮೊದಲ ಹೆಸರು

ಬೇಲೂರಿನ ಬಸ್ ಸ್ಟ್ಯಾಂಡ್ ಹತ್ತಿರದ ಲಾಡ್ಜೊಂದನ್ನು ನೋಡಿಕೊಳ್ಳುವುದು ನನ್ನ ಕೆಲಸ. ಮಾಲೀಕರು ಅರಸೀಕೆರೆಯಲ್ಲಿ ಹಾಯಾಗಿದ್ದಾರೆ. ನಲ್ಲಿ ಸೋರಿದರೂ ಬಾಗಿಲು ಕಿರುಗುಟ್ಟಿದರೂ ತಲೆಬಿಸಿ ನನ್ನದೇ. ಹಾಗಾಗಿ ಪ್ಲಂಬರ್, ಎಲೆಕ್ಟ್ರಿಷಿಯನ್, ಬಡಗಿ, ಪೇಂಟರ್‌ಗಳ ಪಟ್ಟಿಯೊಂದನ್ನು ಮೊಬೈಲಿನಲ್ಲಿ ಇಟ್ಟುಕೊಂಡಿದ್ದೇನೆ. ಹೆಸರು, ನಂಬರು, ದರ, ಹಿಂದೆ ಮಾಡಿದ ಕೆಲಸ ಹೇಗಿತ್ತು ಎಂಬ ಒಂದು ಮಾತು. ಎಲೆಕ್ಟ್ರಿಷಿಯನ್‌ಗೆ ಬಲ್ಬು ಫ್ಯಾನಿನ ಪಾಯಿಂಟ್ ಲೆಕ್ಕ, ಪೇಂಟರ್‌ಗೆ ಚದರಡಿ ಲೆಕ್ಕ, ಬಡಗಿಗೆ ದಿನಗೂಲಿ. ಸಾಮಾನು ಯಾರು ತರಬೇಕೆಂಬುದನ್ನು ದರದ ಪಕ್ಕದಲ್ಲೇ ಬರೆಯದಿದ್ದರೆ ಜಗಳ ಗ್ಯಾರಂಟಿ. ಟಿಪ್ಪಣಿ ಬರೆಯುವಾಗ ನಾನು ಯಾರ ಮುಲಾಜಿಗೂ ಬೀಳುವವಳಲ್ಲ. ‘ಪುಟ್ಟಿ ಒಣಗುವ ಮೊದಲೇ ಬಣ್ಣ ಬಳಿಯುತ್ತಾನೆ, ಪಕ್ಕದಲ್ಲೇ ನಿಲ್ಲಬೇಕು.’ ‘ಗೆಂಡೆಹಳ್ಳಿ ಬಡಗಿ: ಕೆಲಸ ಚೊಕ್ಕ, ನಾಳೆ ಅಂದರೆ ಮುಂದಿನ ವಾರ.’ ಮೊದಲು ಒಂದು ಸಣ್ಣ ಕೆಲಸ ಕೊಡುತ್ತೇನೆ. ಅದು ಒಂದು ಮಳೆಗಾಲ ತಡೆದರೆ ಮಾತ್ರ ಹೆಸರು ಪಟ್ಟಿಗೆ ಸೇರುತ್ತದೆ.

ಊರಿನ ಉಳಿದ ಲಾಡ್ಜಿನವರು, ಹಳೇಬೀಡಿನ ಹೋಂಸ್ಟೇಯವರು, ಎಲ್ಲರಿಗೂ ನನ್ನ ಪಟ್ಟಿಯೇ ಬೇಕು. ಏನಾದರೂ ತಿದ್ದಿದಾಗಲೆಲ್ಲ ವಾಟ್ಸಾಪಿನಲ್ಲಿ ಎಲ್ಲರಿಗೂ ಕಳಿಸುತ್ತೇನೆ. ಅದರಲ್ಲಿದ್ದವರಿಗೆ ಕೆಲಸ, ಇಲ್ಲದವರಿಗೆ ಇಲ್ಲ. ಇದರಿಂದ ನನಗೆ ಕೊಂಚ ಜಂಬವೂ ಇತ್ತು, ಯಾಕೆ ಸುಳ್ಳು ಹೇಳಲಿ.

ಎಲೆಕ್ಟ್ರಿಷಿಯನ್ ಸಾಲಿನಲ್ಲಿ ಮೊದಲಿನಿಂದಲೂ ಒಂದೇ ಹೆಸರು ಮೇಲಿತ್ತು. ಅವರ ಮುಂದಿನ ಟಿಪ್ಪಣಿ ಬರೀ ‘ಕಣ್ಣು ಮುಚ್ಚಿ ಕರೆಯಬಹುದು’. ನನಗಿಂತ ಹಿರಿಯರು. ಊಟ ಮಾಡಿ ಅಂದರೆ ಸಕ್ಕರೆ ಕಾಯಿಲೆ ಅಂತ ಹೇಳಿ ರಾಗಿಮುದ್ದೆಯ ಡಬ್ಬಿ ಬಿಚ್ಚುವವರು.

ಹೋದ ವರ್ಷ, ಶಾಲಾ ಪ್ರವಾಸದ ಬಸ್ಸುಗಳು ಬರುವ ಕಾಲ. ಮೇಲಿನ ಮಹಡಿಯ ಗೀಸರಿನ ಪ್ಲಗ್ ಸುಟ್ಟಿತ್ತು. ಅವರು ಬಂದು ಹೊಸ ಪ್ಲಗ್ ಹಾಕಿದರು. ಗೀಸರ್ ಕೆಲಸವಾದ ಮೇಲೆ ನಲ್ಲಿಗೆ ಟೆಸ್ಟರ್ ಇಟ್ಟು ನೋಡದೆ ರೂಮು ಕೊಡುವಂತಿಲ್ಲ ಎಂಬ ನಿಯಮ ನಮ್ಮಲ್ಲಿದೆ; ಅದನ್ನು ಕಲಿಸಿದವರೂ ಅವರೇ. ಸ್ವಿಚ್ ಹಾಕಿ, ಟೆಸ್ಟರ್ ಅನ್ನು ನಲ್ಲಿಗೆ ಒತ್ತಿದರು.

“ಏನೂ ಇಲ್ಲ ಕಣಮ್ಮ, ಸರಿಯಾಗೈತೆ,” ಎಂದರು.

ಕರೆಂಟಿದ್ದರೆ ಹತ್ತುವ ಕೆಂಪು ಬೆಳಕು ಟೆಸ್ಟರಿನೊಳಗೆ ಉರಿಯುತ್ತಿತ್ತು. ನಾನು ಬಾಗಿಲಲ್ಲಿ ನಿಂತೇ ಅದನ್ನು ನೋಡಿದೆ. ಅವರು ಟೆಸ್ಟರ್ ಜೇಬಿಗೆ ಹಾಕಿ, ನಲ್ಲಿ ತಿರುಗಿಸಲು ಕೈ ಚಾಚಿದರು. ಕಿರುಚಿಕೊಂಡೇ ಹೋಗಿ ಸ್ವಿಚ್ ಆರಿಸಿದೆ. ಪ್ಲಗ್ ಬಿಚ್ಚಿಸಿದಾಗ ತಿಳಿಯಿತು: ಕರೆಂಟಿನ ಕೆಂಪು ವೈರ್ ಹೋಗಬೇಕಾದ ಪಿನ್ನಿಗೆ ಅರ್ಥಿಂಗಿನ ಹಸಿರು ವೈರ್ ಹಾಕಿದ್ದರು. ಗೀಸರಿನ ಮೈಗೆಲ್ಲ ಕರೆಂಟು ಹರಿದಿತ್ತು.

“ಎರಡೂ ಒಂದೇ ಥರ ಕಾಣ್ತವೆ,” ಎಂದರು. ಎರಡು ವೈರನ್ನೂ ಕಣ್ಣಿನ ಹತ್ತಿರ ಹಿಡಿದು, “ಈ ನಡುವೆ ಹಿಂಗೇ,” ಎಂದರು.

ಮಾರನೆಯ ದಿನವೇ ಹಾಸನಕ್ಕೆ ಕಣ್ಣಿನ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋದೆ. ಸಕ್ಕರೆಯಿಂದ ಕಣ್ಣಿನ ಒಳಪರದೆ ಹಾಳಾಗಿದೆ, ಲೇಸರ್ ಮಾಡಿದರೆ ಇರುವಷ್ಟು ಉಳಿಯಬಹುದು, ಹೋದದ್ದು ಬರುವುದಿಲ್ಲ ಎಂದರು ಡಾಕ್ಟರು. ವಾಪಸ್ ಬರುವಾಗ ಬಸ್ಸಿನಲ್ಲಿ, ಲಾಡ್ಜಿನ ಕೆಲಸಕ್ಕೆ ಇನ್ನು ಕರೆಯುವುದಿಲ್ಲ ಎಂದು ಅವರಿಗೆ ಹೇಳಿದೆ.

ಆ ಸಂಜೆ ಪಟ್ಟಿ ತೆರೆದು ಕೂತೆ. ಹೆಸರು ಉಳಿಸಿ ‘ಗೀಸರ್ ಬೇಡ, ಬಲ್ಬು ಫ್ಯಾನು ಮಾತ್ರ’ ಎಂದು ಬರೆಯೋಣವೆಂದುಕೊಂಡೆ. ಆದರೆ ಬಲ್ಬು ಹಾಕಲು ಬಂದವರಿಗೆ, ಹೇಗೂ ಬಂದಿದ್ದೀರಲ್ಲ, ಮೇನ್ ಬೋರ್ಡನ್ನೂ ನೋಡಿ ಎನ್ನದೆ ಬಿಡುವವರು ಯಾರು? ಇವರೂ ಇಲ್ಲ ಎನ್ನುವವರಲ್ಲ. ಹೆಸರು ಅಳಿಸಿದೆ. ಎಲ್ಲರಿಗೂ ಕಳಿಸಿದೆ. ಯಾಕೆ ಎಂದು ಕೇಳಿದವರಿಗೆ ಇದ್ದದ್ದನ್ನೇ ಹೇಳಿದೆ. ಇವತ್ತಾದರೂ ಹಾಗೆಯೇ ಮಾಡುತ್ತೇನೆ. ಪಟ್ಟಿಯಿಂದ ತೆಗೆದದ್ದನ್ನು ಅವರಿಗೆ ಮಾತ್ರ ತಿಳಿಸಿರಲಿಲ್ಲ.

ಸ್ವಲ್ಪ ಕಾಲದ ನಂತರ ಒಂದು ಮಧ್ಯಾಹ್ನ ಅವರು ಲಾಡ್ಜಿಗೆ ಬಂದರು. ಮೆಟ್ಟಿಲನ್ನು ಕಾಲಿನಿಂದ ತಡಕಿ ಹತ್ತಿದರು. ಶರಟು ಇಸ್ತ್ರಿಯಾಗಿತ್ತು, ಟೂಲ್ ಬ್ಯಾಗು ಹೆಗಲಲ್ಲಿತ್ತು.

“ಇಲ್ಲಿಗೆ ಕರೀಬೇಡಿ, ನೀವ್ ಹೇಳಿದ್ದು ಸರಿ,” ಎಂದರು. “ಆದ್ರೆ ಹಳೇಬೀಡಿನೋರೂ ಕರೀತಿಲ್ಲ, ಯಾರೂ ಕರೀತಿಲ್ಲ. ಒಂದು ಬಲ್ಬ್ ಹಾಕಕ್ಕೂ ಇಲ್ಲ. ಈ ಫೋನೇ ಕೆಟ್ಟೈತೇನೋ ಅಂತ. ಒಂದ್ಸಲ ಮಾಡಿ ನೋಡಿ ಅಮ್ಮ.”

ಪಟ್ಟಿಯ ಮಾತು ಎತ್ತದೆ ಮೊಬೈಲ್ ತೆಗೆದೆ. ಅವರ ನಂಬರು ನನಗೆ ಬಾಯಿಪಾಠ. ಒತ್ತಿದೆ. ಅವರ ಅಂಗೈಯಲ್ಲಿ ಫೋನು ಜೋರಾಗಿ ಹೊಡೆದುಕೊಂಡಿತು. ಅವರ ಮುಖ ಅರಳಿತು. ಸ್ಕ್ರೀನನ್ನು ಮೂಗಿನ ಹತ್ತಿರ ಹಿಡಿದುಕೊಂಡರು.

“ಬತ್ತಾ ಐತೆ! ಯಾರ್ದು ನೋಡಿ?”

“ನಂದೇ ಕಣ್ರೀ,” ಎಂದೆ.