ನನ್ನ ಫೋನಿನಲ್ಲಿ ಮಾತ್ರ ತೆರೆದ ರೆಪಾಸಿಟರಿ

‘ತಂಗೀ, ಖರೇ ಹೇಳು. ನನ್ನ ಹೊರಗ ಹಾಕೀ ಹೌದಲ್ಲ?’

ಹೀಗೆ ಕೇಳಿದವರು ನನ್ನ ಪಾರ್ಟ್ನರ್. ವಯಸ್ಸಿನಲ್ಲಿ ನನಗಿಂತ ದೊಡ್ಡವರು, ಗಡಹಿಂಗ್ಲಜದವರು, ನಾನು ಅಣ್ಣಾ ಎನ್ನುತ್ತಿದ್ದೆ. ಇಚಲಕರಂಜಿಯ ಸೈಜಿಂಗ್‌ಗಳಿಗೆ, ಅಂದರೆ ನೂಲಿಗೆ ಗಂಜಿ ಹಾಕಿ ಬೀಮ್ ಎಂಬ ದೊಡ್ಡ ಉರುಳೆಗೆ ಸುತ್ತುವ ಕಾರ್ಖಾನೆಗಳಿಗೆ, ನಾವಿಬ್ಬರೂ ಸೇರಿ ಸಾಫ್ಟ್‌ವೇರ್ ಮಾಡುತ್ತಿದ್ದೆವು. ಮನೆಯಲ್ಲಿ ಕೂತು ಕೋಡ್ ಬರೆಯುವುದು ನನ್ನ ಪಾಲು. ಅದನ್ನು ತಮ್ಮ ಲ್ಯಾಪ್‌ಟಾಪಿಗೆ ಇಳಿಸಿಕೊಂಡು ಕಾರ್ಖಾನೆಗೆ ಹೋಗಿ ಹಾಕುವುದು ಅವರ ಪಾಲು. ನಮ್ಮ ನಡುವೆ ಕರಾರು ಗಿರಾರು ಏನೂ ಇರಲಿಲ್ಲ. ಈ ಊರಿನ ನೂಲಿನ ಸೌದಾ ನಡೆಯುವುದೂ ಬಾಯಿಮಾತಿನ ಮೇಲೆಯೇ.

ಆ ದಿನ ಬೀಮಿನ ಚೀಟಿಯಲ್ಲಿ ನೂಲಿನ ಉದ್ದದ ಮೀಟರ್ ತಪ್ಪು ಬರುತ್ತಿದೆ ಎಂದು ಒಬ್ಬ ಸೈಜಿಂಗ್ ಮಾಲೀಕರು ಇಬ್ಬರನ್ನೂ ಕರೆಸಿದ್ದರು. ತಪ್ಪನ್ನು ಮನೆಯಲ್ಲೇ ತಿದ್ದಿ, ಇಂಟರ್ನೆಟ್ ತಾಣವೊಂದರಲ್ಲಿ ನಮ್ಮ ಕೋಡ್ ಇಟ್ಟಿದ್ದ ಖಾಸಗಿ ರೆಪಾಸಿಟರಿಗೆ ಏರಿಸಿ, ನಾನು ಲ್ಯಾಪ್‌ಟಾಪ್ ತರದೆ ಬರಿಗೈಯಲ್ಲಿ ಬಂದಿದ್ದೆ. ಅಣ್ಣ ಅದನ್ನು ಇಳಿಸಿಕೊಳ್ಳಲು ಹೋದರೆ, ‘ರೆಪಾಸಿಟರಿ ಸಿಗಲಿಲ್ಲ’ ಎಂಬ ಸಂದೇಶ ಬಂತು. ವಿಳಾಸವನ್ನು ಅಕ್ಷರ ಅಕ್ಷರ ಹಿಡಿದು ನೋಡಿದೆವು. ಸರಿಯಾಗಿಯೇ ಇತ್ತು.

‘ಹೆಸರ ಬದಲ ಮಾಡೀಯೇನು?’

‘ಇಲ್ರಿ ಅಣ್ಣಾ. ಮಾಡಿದ್ರೂ ಹಳೇ ವಿಳಾಸ ಹೊಸಾದಕ್ಕ ಕರಕೊಂಡ ಹೋಗ್ತದ.’

ಅವರು ತಮ್ಮ ಫೋನಿನಲ್ಲಿ ಅದೇ ವಿಳಾಸ ಹಾಕಿದರು. ಅಲ್ಲಿಯೂ ಅಂಥ ಪುಟವೇ ಇಲ್ಲ ಎಂದಿತು. ನನ್ನ ಫೋನಿನಲ್ಲಿ ಹಾಕಿದೆ, ತಟ್ಟನೆ ತೆರೆಯಿತು. ನಾನು ಮಾಡಿದ ದೊಡ್ಡ ತಪ್ಪೇ ಅದು.

‘ನೋಡ್ರಿ, ಆಕೀಗೆ ತೆರೀತೈತಿ, ನನಗಿಲ್ಲ!’ ಎಂದು ಅವರು ಮಾಲೀಕರಿಗೆ ಹೇಳಿದರು. ಮಾಲೀಕರು ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ಕಾಯ್ ಮ್ಯಾಡಮ್, ನಿಮ್ಮ ಜಗಳದಾಗ ನಮ್ಮ ಬೀಮ್ ಯಾಕ್ರಿ ನಿಲ್ಲಬೇಕು?’ ಎಂದರು. ನನಗೆ ಮೈಯೆಲ್ಲಾ ಉರಿಯಿತು.

ಖಾಸಗಿ ರೆಪಾಸಿಟರಿಗೆ ಹಕ್ಕಿಲ್ಲದವರು ಬಂದರೆ ಆ ತಾಣ ‘ನಿಮಗೆ ಹಕ್ಕಿಲ್ಲ’ ಎನ್ನುವುದಿಲ್ಲ, ‘ಅದು ಇಲ್ಲವೇ ಇಲ್ಲ’ ಎನ್ನುತ್ತದೆ. ಇದೆ ಎಂಬ ಸುಳಿವೂ ಹೊರಗಿನವರಿಗೆ ಸಿಗಬಾರದು, ಅದಕ್ಕೆ. ಅಣ್ಣನ ಫೋನಿನಲ್ಲಿ ಲಾಗಿನ್ನೇ ಆಗಿರಲಿಲ್ಲ. ಇಷ್ಟನ್ನು ಬಿಡಿಸಿ ಹೇಳಿದರೆ ನನ್ನ ಮಾತೇ ನನಗೆ ಕಳ್ಳರ ಮಾತಿನಂತೆ ಕೇಳಿಸಿತು.

ರೆಪಾಸಿಟರಿ ಇದ್ದದ್ದು ನನ್ನ ಖಾತೆಯಲ್ಲಿ. ಯಾರಿಗೆ ಪ್ರವೇಶವಿದೆ ಎಂಬ ಪುಟ ತೆರೆದು ತೋರಿಸಿದೆ. ಅವರ ಹೆಸರು ಇತ್ತು.

‘ಈಗಷ್ಟ ಸೇರಿಸೀ. ಕೈಯಾಗ ಫೋನ್ ಐತಲ್ಲ.’

‘ಈಗ ಸೇರಿಸಿದ್ರ ನಿಮಗ ಆಮಂತ್ರಣ ಬರ್ತಿತ್ರಿ. ನೀವು ಒಪ್ಪೂತನಕ ಹೆಸರಿನ ಮುಂದ ಬಾಕಿ ಅಂತ ತೋರಸ್ತದ. ಎಲ್ಲೈತಿ ತೋರಸ್ರಿ?’

ಅವರ ಹುಬ್ಬಿನ ಗಂಟು ಬಿಚ್ಚಲಿಲ್ಲ. ಈಗ ಸಂಶಯ ನನ್ನೊಳಗೆ ಎದ್ದಿತು. ಹಕ್ಕೂ ಇದೆ, ವಿಳಾಸವೂ ಸರಿ. ಹಾಗಾದರೆ ಈ ಲ್ಯಾಪ್‌ಟಾಪ್ ಯಾರ ಹೆಸರಿನಲ್ಲಿ ಹೋಗಿ ಬಾಗಿಲು ಬಡಿಯುತ್ತಿದೆ?

‘ಕೊಡ್ರಿ ಇಲ್ಲಿ. ಅದರಾಗ ಯಾರ ಲಾಗಿನ್ ಉಳದೈತಿ ನೋಡ್ತೀನಿ.’

‘ನನ್ನದs ಇರ್ತೈತಿ ಬಿಡು’ ಎಂದು ಅವರು ಲ್ಯಾಪ್‌ಟಾಪನ್ನು ತಮ್ಮ ಕಡೆ ಎಳೆದುಕೊಂಡರು. ಇಷ್ಟು ಹೊತ್ತು ನನ್ನ ಮುಖಕ್ಕೆ ಹಿಡಿದಿದ್ದ ಲ್ಯಾಪ್‌ಟಾಪ್ ಅದು.

‘ನೋಡ್ಲಿ ಬಿಡ್ರಿ, ನಮ್ಮ ಕೆಲಸ ಆಗಲಿ’ ಎಂದು ಮಾಲೀಕರೇ ಅದನ್ನು ಎತ್ತಿ ನನ್ನ ಮುಂದಿಟ್ಟರು.

ವಿಂಡೋಸ್ ನೆನಪಿಟ್ಟುಕೊಂಡ ಲಾಗಿನ್‌ಗಳ ಪಟ್ಟಿ ತೆರೆದೆ. ನಮ್ಮ ತಾಣದ ಎದುರು ಇದ್ದದ್ದು ಅವರ ಹಳೆಯ ಖಾತೆ ಅಲ್ಲ. ಹೊಸದೊಂದು ಖಾತೆ. ಅವರ ಹೆಸರಿನ ಬಾಲಕ್ಕೆ ಕೊಲ್ಹಾಪುರದ ಕಂಪನಿಯೊಂದರ ಹೆಸರು ಅಂಟಿತ್ತು. ಇದೇ ಸೈಜಿಂಗ್‌ಗಳಿಗೆ ಇದೇ ಥರದ ಸಾಫ್ಟ್‌ವೇರ್ ಮಾಡಲು ಹೊರಟಿದ್ದ ಕಂಪನಿ. ಆ ಕಂಪನಿಯ ಕೋಡ್ ಇಳಿಸಿಕೊಳ್ಳಲು ಹಳೆಯ ಲಾಗಿನ್ ಅಳಿಸಿ ಹೊಸದನ್ನು ಹಾಕಿದ್ದಾರೆ, ಮತ್ತೆ ಬದಲಿಸುವುದನ್ನು ಮರೆತಿದ್ದಾರೆ. ಆ ಖಾತೆಗೆ ನಮ್ಮ ರೆಪಾಸಿಟರಿಯಲ್ಲಿ ಹಕ್ಕು ಎಲ್ಲಿಂದ ಬರಬೇಕು?

ನಾನು ಆ ಲಾಗಿನ್ ಅಳಿಸಿದೆ. ಹಳೆಯ ಖಾತೆಯ ಪಾಸ್‌ವರ್ಡನ್ನು ಅವರೇ ತಲೆ ತಗ್ಗಿಸಿ ಹಾಕಿದರು. ಕೋಡ್ ಸರಸರನೆ ಇಳಿಯಿತು, ಚೀಟಿಯಲ್ಲಿ ಮೀಟರ್ ಸರಿಯಾಗಿ ಬಂತು, ಮಾಲೀಕರು ಖುಷಿಯಿಂದ ಚಹಾ ಹೇಳಿದರು. ನನಗೆ ಕುಡಿಯಲಾಗಲಿಲ್ಲ. ಅವರು ನನ್ನನ್ನು ಕಳ್ಳಿ ಎಂದದ್ದಕ್ಕಲ್ಲ, ತಾವು ಬೆನ್ನ ಹಿಂದೆ ಮಾಡುತ್ತಿದ್ದುದನ್ನೇ ನಾನು ಮಾಡಿದೆ ಎಂದದ್ದಕ್ಕೆ.

ಹೊರಗೆ ನನ್ನ ಸ್ಕೂಟಿಯ ತನಕ ಬಂದರು. ಕ್ಷಮಿಸು ಎನ್ನುತ್ತಾರೆಂದುಕೊಂಡೆ.

‘ನಿನಗ ಮೊದಲs ಗೊತ್ತಿತ್ತು ಹೌದಲ್ಲ? ಮಾಲೀಕರ ಮುಂದ ನನ್ನ ಗುಟ್ಟು ತಗೀಬೇಕಂತನs ಬರಿಗೈಲೆ ಬಂದಿದ್ದಿ.’

‘ನನಗ ಗೊತ್ತಿರಲಿಲ್ರಿ ಅಣ್ಣಾ’ ಎಂದೆ. ಅದನ್ನೂ ಅವರು ನಂಬಲಿಲ್ಲ.